ವಿಷಯ: ರಶ್ಮಿ ಅವರ ಕ್ಲೌಡ್ ಫೈಲು, ಅಕೌಂಟ್‌ ಡಿಲೀಟ್ ಮಾಡುವ ಬಗ್ಗೆ

ಕಿರಣ್ ಮತ್ತು ಐಟಿ ಟೀಮ್‌ನವರಿಗೆ ನಮಸ್ಕಾರ,

ನಮ್ಮ ಅಕೌಂಟ್ಸ್ ಟೀಮ್‌ನಲ್ಲಿದ್ದ ರಶ್ಮಿ ಅವರ ಕೊನೆಯ ದಿನ ಕಳೆದ ಶುಕ್ರವಾರ ಆಯಿತು. ಹ್ಯಾಂಡೋವರ್ ಮುಗಿದಿದೆ, ನವೀನ್ ಎಲ್ಲ ಫೋಲ್ಡರ್ ತೆರೆದು ನೋಡಿ ಓಕೆ ಅಂದಿದ್ದಾರೆ. ಇನ್ನು ಅವರ ಗೂಗಲ್ ವರ್ಕ್‌ಸ್ಪೇಸ್, ಸ್ಲ್ಯಾಕ್, ಟ್ಯಾಲಿ ಲಾಗಿನ್‌ಗಳನ್ನು ತೆಗೆದುಬಿಡಿ.

ಡಿಲೀಟ್ ಮಾಡುವ ಮೊದಲು ಒಂದು ಕೆಲಸ ಇದೆ. "ಜಿಎಸ್‌ಟಿ ರಿಟರ್ನ್ಸ್" ಶೀಟ್‌ನ ಓನರ್ ಈಗಲೂ ರಶ್ಮಿ ಅವರೇ. ನವೀನ್‌ಗೆ ಬರೀ ಎಡಿಟ್ ಆಕ್ಸೆಸ್ ಇದೆ. ಹಾಗೇ ಅಕೌಂಟ್ ತೆಗೆದರೆ ಶೀಟೂ ಹೋಗುತ್ತೆ, ಅಲ್ವಾ? ಅದಕ್ಕೆ ಅವರ ಡ್ರೈವ್ ಪೂರ್ತಿ ಮೊದಲು ನವೀನ್ ಹೆಸರಿಗೆ ಟ್ರಾನ್ಸ್‌ಫರ್ ಮಾಡಿ. "ಪರ್ಸನಲ್" ಫೋಲ್ಡರ್ ಮಾತ್ರ ಬೇಡ. ಅದನ್ನು ಯಾರೂ ತೆರೆಯದೆ ಅಳಿಸಿ. ಬೇಕಾದ್ದನ್ನು ತೆಗೆದುಕೊಂಡಾಗಿದೆ ಎಂದು ರಶ್ಮಿ ಅವರೇ ಮೇಲ್ ಮಾಡಿದ್ದಾರೆ, ಇದರ ಜೊತೆ ಲಗತ್ತಿಸಿದ್ದೇನೆ.

ವೆಂಡರ್‌ಗಳು ಇನ್ನೂ ಅವರ ಐಡಿಗೇ ಬಿಲ್ ಕಳಿಸುತ್ತಿದ್ದಾರೆ. ಎಷ್ಟು ಹೇಳಿದರೂ ಕೇಳಲ್ಲ. ಆ ಐಡಿಯನ್ನು ನವೀನ್‌ಗೆ ಏಲಿಯಾಸ್ ಆಗಿ ಕೊಡಿ.

ಡಿಲೀಟ್ ಆದ ಅಕೌಂಟ್ ವಾಪಸ್ ತರಲು 20 ದಿನ ಮಾತ್ರ ಅವಕಾಶ. ಹಾಗಾಗಿ ಟ್ರಾನ್ಸ್‌ಫರ್ ಆದ ತಕ್ಷಣ ನನಗೊಂದು ಮೇಲ್ ಹಾಕಿ, ನಾನು ಹೂಂ ಅಂದಮೇಲೆ ಡಿಲೀಟ್ ಮಾಡಿ. ಪಾಸ್‌ವರ್ಡ್ ಬದಲಿಸಿ ಲಾಗೌಟ್ ಮಾಡುವುದನ್ನು ಮಾತ್ರ ಇವತ್ತೇ ಮುಗಿಸಿ.

ವಂದನೆಗಳು,
ಸುಮಾ
ಮ್ಯಾನೇಜರ್, ಅಕೌಂಟ್ಸ್