ಅಪ್ಪನ ಔಷಧಿ ಚೀಟಿಗಳು

ಅಪ್ಪನ ವರ್ಷದ ತಿಥಿ ಮುಗಿದ ಮಾರನೇ ದಿನ ಡಿಸ್ಪೆನ್ಸರಿಯ ಬೀಗ ತೆಗೆದೆ. 2012ರ ಜುಲೈ. ಸಾಗರದಲ್ಲಿ ಮಳೆ ಹಿಡಿದು ಎಂಟು ದಿನ ಆಗಿತ್ತು. ಬಾಗಿಲು ನೀರು ಕುಡಿದು ಉಬ್ಬಿಕೊಂಡಿತ್ತು. ಭುಜ ಕೊಟ್ಟು ನೂಕಬೇಕಾಯಿತು.

ಒಳಗೆ ಅಪ್ಪನ ಬೆತ್ತದ ಕುರ್ಚಿ ಹಾಗೇ ಇತ್ತು. ಅದರ ಹಿಂದಿನ ಗೋಡೆಯಲ್ಲಿ ಒಂದು ಕಿಂಡಿ. ಕಿಂಡಿಯ ಆಚೆ ಕಂಪೌಂಡರ್ ಸುಬ್ಬಣ್ಣನ ಕೋಣೆ. ಅಪ್ಪ ಚೀಟಿ ಬರೆದು ಕಿಂಡಿಯಲ್ಲಿ ಇಡುತ್ತಿದ್ದರು. ಸುಬ್ಬಣ್ಣ ಅದನ್ನು ಓದಿ, ಔಷಧಿ ಕಲಸಿ, ರೋಗಿ ಮನೆಯಿಂದ ತಂದ ಬಾಟಲಿಗೆ ತುಂಬಿಸುತ್ತಿದ್ದರು. ಒಂದು ಡೋಸ್ ಎಷ್ಟು ಅಂತ ಗೊತ್ತಾಗಲು ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸುತ್ತಿದ್ದರು. ಆಮೇಲೆ ಚೀಟಿಯನ್ನು ಕಂಬಿಗೆ ಚುಚ್ಚುತ್ತಿದ್ದರು. ಕಂಬಿ ತುಂಬಿದರೆ ದಾರ ಪೋಣಿಸಿ ಕಟ್ಟು ಮಾಡಿ ಅಟ್ಟಕ್ಕೆ ಹಾಕುವುದು. ಹಾಗಾಗಿ ಚೀಟಿಗಳು ಊರೂರಿಗೆ ಹೋಗದೆ ಅಲ್ಲೇ ಉಳಿದಿದ್ದವು. 1964ರಿಂದ 1998ರವರೆಗೆ.

ಮನೆ ಮಾರುವ ಮಾತು ನಡೆದಿತ್ತು. ಅವನ್ನೆಲ್ಲ ಸುಟ್ಟುಬಿಡೋಣ ಅಂದ ತಮ್ಮ. ಸುಡುವ ಮುಂಚೆ ಒಂದು ಸಲ ನೋಡುತ್ತೇನೆ ಅಂದೆ. ನಾನೂ ಡಾಕ್ಟರೇ. ಆದರೆ ಅಪ್ಪನ ಚೀಟಿ ಓದಲು ನನಗೆ ಯಾವತ್ತೂ ಬಂದಿರಲಿಲ್ಲ.

ನೆಲದ ಮೇಲೆ ಚಾಪೆ ಹಾಸಿಕೊಂಡು ಕೂತೆ. ಮೊದಮೊದಲು ಒಂದು ಚೀಟಿಗೆ ಕಾಲು ಗಂಟೆ ಹಿಡಿಯಿತು. ಟಿ.ಡಿ.ಎಸ್., ಎಚ್.ಎಸ್. ಇಂಥವು ಸುಲಭ. ದಿನಕ್ಕೆ ಮೂರು ಸಲ, ರಾತ್ರಿ ಮಲಗುವಾಗ. ನಾವೂ ಬರೆಯುತ್ತೇವೆ. ತೊಡಕಾಗಿದ್ದು ಹಳೇ ಅಳತೆಗಳು. ಇಂಗ್ಲಿಷಿನ ಮೂರಕ್ಕೆ ಬಾಲ ಎಳೆದಂತಿದ್ದರೆ ಅದು ಡ್ರಾಮ್. ಅದೇ ಗುರುತಿಗೆ ಮೇಲೊಂದು ಹಲ್ಲು ಜಾಸ್ತಿ ಇದ್ದರೆ ಔನ್ಸ್. ಎಂಟು ಡ್ರಾಮ್ ಸೇರಿದರೆ ಒಂದು ಔನ್ಸ್. ಒಂದು ಹಲ್ಲು ತಪ್ಪಿ ಓದಿದರೆ ರೋಗಿಗೆ ಎಂಟು ಪಟ್ಟು ಔಷಧಿ! ಸುಬ್ಬಣ್ಣ ಓದಿದ್ದು ಏಳನೇ ಕ್ಲಾಸು. ಮೂವತ್ತಮೂರು ವರ್ಷ ಒಂದು ಹಲ್ಲೂ ತಪ್ಪಲಿಲ್ಲ.

ಸಂಜೆ ಹೊತ್ತಿಗೆ ಅಕ್ಷರ ಪಳಗಿತು. ಸೋಡಾ ಬೈಕಾರ್ಬ್, ಏಲಕ್ಕಿ ಟಿಂಚರ್, ಪುದೀನಾ ನೀರು. ಅಂದರೆ ಹೊಟ್ಟೆಯುಬ್ಬರದ ಕೆಂಪು ಔಷಧಿ. ಮದುವೆ ಸೀಸನ್ನಿನ ಕಟ್ಟುಗಳಲ್ಲಿ ಬರೀ ಅದೇ. ಬೇಸಿಗೆಯ ಕೆಲವು ಚೀಟಿಗಳಲ್ಲಿ ಔಷಧಿಗಿಂತ ಪ್ರಶ್ನೆ ದೊಡ್ಡದು: ‘ಕಾಡಿಗೆ ಹೋಗಿದ್ದನೇ? ಮಂಗ ಸತ್ತಿತ್ತೇ?’ 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆಯಾದಾಗ ಅಪ್ಪ ಮೈಸೂರಿನಲ್ಲಿ ಮೆಡಿಕಲ್ ಓದುತ್ತಿದ್ದರು. ಆ ಭಯ ಅವರನ್ನು ಕೊನೆವರೆಗೂ ಬಿಡಲಿಲ್ಲ. ಜ್ವರ ಅಂತ ಬಂದವರನ್ನೆಲ್ಲ ಕಾಡಿನ ಸುದ್ದಿ ಕೇಳುತ್ತಿದ್ದರು.

ಎರಡನೇ ದಿನ ಕೊನೆಯ ವರ್ಷಗಳ ಕಟ್ಟು ಬಿಚ್ಚಿದೆ.

ಬಿಚ್ಚಲು ಮನಸ್ಸಿರಲಿಲ್ಲ. 1998ರ ಯುಗಾದಿಗೆ ಬಂದಾಗ ಅಪ್ಪನ ಜೊತೆ ಜಗಳ ಆಗಿತ್ತು. ನನ್ನ ಎಂ.ಡಿ. ಮುಗಿದಿತ್ತು. ‘ಇಲ್ಲಿಗೇ ಬಾ, ಇಬ್ಬರೂ ಕೂತು ನೋಡೋಣ’ ಅಂದರು. ನಾನು ಬೆಂಗಳೂರು ಬಿಡುವುದಿಲ್ಲ ಅಂದೆ. ಅಷ್ಟಕ್ಕೆ ಸುಮ್ಮನಿರಬಹುದಿತ್ತು. ‘ನಿಮ್ಮ ಅಕ್ಷರ ಓದೋಕೆ ಸುಬ್ಬಣ್ಣನ್ನ ಬಿಟ್ಟರೆ ಯಾರಿದ್ದಾರೆ? ಇದೆಲ್ಲ ನಿಮ್ಮ ಜೊತೆಗೇ ಮುಗಿಯೋ ಕಾಲದ್ದು’ ಅಂತಲೂ ಅಂದೆ. ಆ ದೀಪಾವಳಿಗೆ ಡಿಸ್ಪೆನ್ಸರಿ ಮುಚ್ಚಿತು. ತಿಂಗಳಿಗೆ ಎರಡು ಬರುತ್ತಿದ್ದ ಅವರ ಕಾಗದವೂ ನಿಂತುಹೋಯಿತು. ಭಾನುವಾರ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿ, ‘ಆರೋಗ್ಯನಾ? ಸರಿ, ಇಡ್ತೀನಿ’ ಅನ್ನುತ್ತಿದ್ದರು. ನನ್ನ ಮಾತೇ ಅವರ ಬಾಗಿಲು ಮುಚ್ಚಿಸಿತು ಅಂತ ಇಷ್ಟು ವರ್ಷವೂ ಅಂದುಕೊಂಡಿದ್ದೆ. ಯಾರ ಹತ್ತಿರವೂ ಹೇಳಿರಲಿಲ್ಲ.

1995ರ ಚೀಟಿಗಳು ಸರಿಯಾಗೇ ಇದ್ದವು. 1996ರಲ್ಲಿ ಸಾಲುಗಳ ಕೊನೆ ಸ್ವಲ್ಪ ಹಿಸುಕಿದಂತೆ ಕಂಡಿತು. ಶಾಯಿ ಮುಗಿದಿತ್ತೇನೋ ಅಂದುಕೊಂಡೆ. 1997ರ ಚೀಟಿಗಳಲ್ಲಿ ಪೆನ್ಸಿಲ್ಲಿನ ಗೀಟುಗಳಿದ್ದವು. ಸ್ಕೇಲು ಇಟ್ಟು ಎಳೆದ ಜೋಡಿ ಗೀಟು, ಕಾಪಿ ಪುಸ್ತಕದಲ್ಲಿ ಇರುತ್ತದಲ್ಲ, ಹಾಗೆ. ಔಷಧಿಯ ಹೆಸರು ಆ ಎರಡು ಗೀಟಿನ ನಡುವೆ. ಅವಸರದ ಡಾಕ್ಟರು ಯಾಕೆ ಗೀಟು ಹಾಕಿಕೊಂಡು ಬರೆದರು?

ಒಂದು ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಗೀಟು ಹಾಕಲು ಮರೆತ ಚೀಟಿ ಅದು. ಸಾಲಿನ ಮೊದಲ ಅಕ್ಷರ ಅಕ್ಕಿಕಾಳಿನಷ್ಟಿತ್ತು. ನಡುವಿನದ್ದು ಎಳ್ಳಿನಷ್ಟು. ಕೊನೆಯದ್ದು ಸಾಸಿವೆ.

ನನ್ನ ಕೈ ತಣ್ಣಗಾಯಿತು. ವಾರಕ್ಕೊಬ್ಬರಿಗಾದರೂ ನಾನು ಕಾಗದ ಪೆನ್ನು ಕೊಟ್ಟು ‘ಒಂದು ಸಾಲು ಬರೀರಿ’ ಅನ್ನುತ್ತೇನೆ. ಬರೆಯುತ್ತ ಹೋದಂತೆ ಅಕ್ಷರ ಕುಗ್ಗಿದರೆ ಅದಕ್ಕೆ ಮೈಕ್ರೋಗ್ರಾಫಿಯಾ ಅನ್ನುತ್ತೇವೆ. ಪಾರ್ಕಿನ್ಸನ್ ಇರುವವರಲ್ಲಿ ನಡುಕ ಕಾಣುವ ಮುಂಚೆಯೇ ಅದು ಕಾಣಿಸಿಕೊಳ್ಳಬಹುದು. ಗೀಟಿರುವ ಹಾಳೆ ಕೊಟ್ಟರೆ ಅಕ್ಷರ ಮತ್ತೆ ಸ್ವಲ್ಪ ದೊಡ್ಡದಾಗುತ್ತದೆ. ಅಪ್ಪನ ಕೈ ನಡುಗುವುದನ್ನು ನಾನು ಮೊದಲು ನೋಡಿದ್ದು 2002ರಲ್ಲಿ. ಆಗಲೇ ಬೆಂಗಳೂರಿಗೆ ಕರೆಸಿಕೊಂಡು ತೋರಿಸಿದ್ದು. ಹೆಸರು ಹೇಳಿದಾಗ ಅಪ್ಪ ಬೆಚ್ಚಲಿಲ್ಲ. ‘ಹೂಂ’ ಅಂದರು, ಅಷ್ಟೇ. ಎಷ್ಟು ಗಟ್ಟಿ ಮನುಷ್ಯ ಅಂದುಕೊಂಡಿದ್ದೆ.

ಅವರಿಗೆ ಐದು ವರ್ಷ ಮುಂಚೆಯೇ ಗೊತ್ತಿತ್ತು.

ಛತ್ರಿಯ ನೀರು ಕೊಡವುತ್ತ ಸುಬ್ಬಣ್ಣ ಬಂದರು. ಅರವತ್ತೇಳು ದಾಟಿದ್ದರೂ ನಡಿಗೆ ಚುರುಕು. ಗೀಟಿನ ಚೀಟಿ ತೋರಿಸಿದೆ.

“ಸುಬ್ಬಣ್ಣ, ಈ ಗೀಟು ಯಾಕೆ ಅಂತ ನಿಮಗೆ ಗೊತ್ತಾ?”

“ಅದು ನಾನೇ ಹಾಕಿದ್ದು ಪುಟ್ಟಮ್ಮ. ದಿನಾ ಬೆಳಿಗ್ಗೆ ಐವತ್ತು ಚೀಟಿಗೆ ಹಾಕಿಡು ಅಂತಿದ್ರು. ಕಡೇ ಕಡೇಗೆ ಚೀಟಿ ಕೊಟ್ಟಮೇಲೆ ನಾನು ಕಿಂಡೀಲಿ ಗಟ್ಟಿಯಾಗಿ ಓದಬೇಕಿತ್ತು. ಅವರು ಹೂಂ ಅಂದ ಮೇಲೇ ಬಾಟ್ಲಿ ಮುಟ್ಟೋದು.”

“ಮುಚ್ಚಿದ್ದು ಯಾಕೆ ಅಂತ ಹೇಳಿದ್ರಾ?”

ಸುಬ್ಬಣ್ಣ ಸ್ವಲ್ಪ ಹೊತ್ತು ಮಳೆ ನೋಡಿದರು.

“ಒಂದಿನ ಒಂದು ಮಗೂಗೆ ಬರೆದಿದ್ರು. ಡ್ರಾಮೋ ಔನ್ಸೋ ನಂಗೇ ಗೊತ್ತಾಗ್ಲಿಲ್ಲ. ಒಳಗೆ ಹೋಗಿ ಕೇಳ್ದೆ. ಚೀಟಿ ಕೈಯಲ್ಲಿ ಹಿಡ್ಕೊಂಡು ನೋಡ್ತಾನೇ ಇದ್ರು. ಅವರಿಗೂ ಓದಕ್ಕೆ ಬರ್ಲಿಲ್ಲ ಪುಟ್ಟಮ್ಮ. ಮತ್ತೆ ಮಗೂನ ನೋಡಿ, ಬಾಯಲ್ಲೇ ಹೇಳಿ ಔಷಧಿ ಕೊಡ್ಸಿದ್ರು. ಹದಿನೈದು ದಿನಕ್ಕೆ ಬೀಗ ಹಾಕಿದ್ರು. ಮಕ್ಕಳಿಗೆ ಹೇಳಬೇಡ ಅಂದಿದ್ರು.”

ನಾನು ಮಾತಾಡಲಿಲ್ಲ. ಸುಬ್ಬಣ್ಣ ಅಂಗಿಯ ಜೇಬಿನಿಂದ ಪ್ಲಾಸ್ಟಿಕ್ ಕವರೊಂದನ್ನು ತೆಗೆದರು. ಅದರೊಳಗೆ ಒಂದು ಚೀಟಿ, ನಡುವೆ ಕಂಬಿಯ ತೂತು.

“ಕಡೇ ದಿನ ಮೇಜು ಒರೆಸುವಾಗ ಸಿಕ್ತು. ಕಂಬಿಗೆ ಚುಚ್ಚಿದ್ದೆ, ಆಮೇಲೆ ಮನಸ್ಸಾಗದೆ ತೆಗೆದಿಟ್ಟೆ. ಅವರ ಚೀಟೀಲಿ ನಂಗೆ ಓದಕ್ಕಾಗದೇ ಇದ್ದಿದ್ದು ಇದೊಂದೇ. ಯಾವ ಔಷಧಿ ಅಂತ ನೋಡಿ.”

ಚೀಟಿಯಲ್ಲಿ ಪೆನ್ಸಿಲ್ಲಿನ ಏಳು ಜೋಡಿ ಗೀಟು. ಏಳು ಸಾಲು. ಎಲ್ಲವೂ ದೊಡ್ಡದಾಗಿ ಶುರುವಾಗಿ, ಗೀಟನ್ನು ಬಿಟ್ಟು ಕುಗ್ಗುತ್ತ, ಕೊನೆಗೆ ಇರುವೆ ಸಾಲಿನಂತಾಗಿದ್ದವು. ಕನ್ನಡಕ ತೆಗೆದು ಕಣ್ಣಿನ ಹತ್ತಿರ ಹಿಡಿದೆ. ಎರಡು ದಿನದಿಂದ ಪಳಗಿದ ಕಣ್ಣು. ಮೊದಲ ಸಾಲು ಸಿಕ್ಕಿತು. ಎರಡನೆಯದೂ ಅದೇ. ಏಳೂ ಅದೇ.

“ಏನಂತೆ ಪುಟ್ಟಮ್ಮ?”

ಅಪ್ಪನ ಕಿಂಡಿಯ ಮುಂದೆ ನಿಂತು ಸುಬ್ಬಣ್ಣ ಓದುತ್ತಿದ್ದ ಹಾಗೆ, ನಾನೂ ಗಟ್ಟಿಯಾಗಿ ಓದಿದೆ.

“ಚಿ. ಸುಮಾಳಿಗೆ ಅಪ್ಪನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.”