ಆಟಿಯ ಮಳೆಗೆ ಬಾಡಿಗೆ ಕೋಣೆಯ ಮೀಮುಗಳು

ಕಾಸರಗೋಡು ಪೇಟೆಯಲ್ಲಿ ಕೋಣೆ ಹಿಡಿದು ದುಡಿಯುವ ಪೆರ್ಲ, ಬದಿಯಡ್ಕ, ಮುಳ್ಳೇರಿಯದ ಗೆಳೆಯರಿಗೆ. ಊರಿನ ಕೊನೆಯ ಬಸ್ಸು ಹೊರಟ ಮೇಲೆ ಕೆಲಸ ಮುಗಿಯುವವರಿಗೆಲ್ಲ.

ಚಿತ್ರ: ಮೊಬೈಲಿನಲ್ಲಿ ಬ್ಯಾಂಕಿನ ಸಂದೇಶಗಳು
ತಾರೀಕು 1: ಸಂಬಳ 16,500 ಜಮೆ.
ತಾರೀಕು 2: ಬಾಡಿಗೆಯ ಪಾಲು 3,000.
ತಾರೀಕು 3: ಅಮ್ಮನಿಗೆ 6,000.
ತಾರೀಕು 5: ಚಿಟ್ಟಿಗೆ 2,000.
ತಾರೀಕು 24: ಬಾಕಿ 412.
ಅಮ್ಮನಿಗೆ ಕಳುಹಿಸಿದ್ದನ್ನು ಖರ್ಚಿನಲ್ಲಿ ಬರೆಯಬೇಡ ಗೆಳೆಯಾ. ಉಳಿತಾಯ ಅಂದರೆ ಅದೇ.

ಚಿತ್ರ: ಫೋನು ಹಿಡಿದ ಇಬ್ಬರು, ನಡುವೆ ಮಳೆ
ಅಪ್ಪ: "ಕೈಯಲ್ಲಿ ದುಡ್ಡು ಉಂಟೇ ಮಗ?"
ನಾನು: "ಉಂಟು ಅಪ್ಪ. ನಿಮ್ಮಲ್ಲಿ?"
ಅಪ್ಪ: "ಧಾರಾಳ ಉಂಟು."
ನನ್ನ ಖಾತೆ: 412.
ಅಪ್ಪನ ಅಡಿಕೆ: ಇನ್ನೂ ಮಾರಿಲ್ಲ.

ಚಿತ್ರ: ಕಿಟಕಿಯಿಂದ ಬಾಗಿಲಿಗೆ ಕಟ್ಟಿದ ನೈಲಾನ್ ಹಗ್ಗ, ಫ್ಯಾನಿನ ಕೆಳಗೆ ಒಂದೇ ಅಂಗಿ
ಭಾನುವಾರ: ಒಗೆದೆ.
ಸೋಮವಾರ: ಒದ್ದೆ.
ಮಂಗಳವಾರ: ಒದ್ದೆ.
ಬುಧವಾರ: ಒಣಗಿತೆಂದು ತೊಟ್ಟೆ. ಬಸ್ಸಿನಲ್ಲಿ ಕೈ ಎತ್ತಿ ಕಂಬಿ ಹಿಡಿದಾಗ ಕಂಕುಳು ತಣ್ಣಗಾಯಿತು.
ಗುರುವಾರ: ಕಾಲರಿನ ಮಡಿಕೆಯೊಳಗೆ ಸಾಸಿವೆಯಷ್ಟು ಕಪ್ಪು ಚುಕ್ಕಿ. ಬೂಷ್ಟು.
(ಆಟಿ ಮುಗಿಯುವವರೆಗೆ ಜೀನ್ಸ್ ಒಗೆಯಬೇಡಿ. ಇದು ಅನುಭವದ ಮಾತು.)

ಚಿತ್ರ: ಊರಿನ ಬಚ್ಚಲುಮನೆ, ಒಲೆಯ ಮೇಲೆ ಬಿದಿರ ಗಳ, ಸಾಲಾಗಿ ಬಟ್ಟೆ
ಶಾಲೆಗೆ ಹೋಗುವಾಗ: "ಅಮ್ಮಾ, ಅಂಗಿಯೆಲ್ಲ ಹೊಗೆ ವಾಸನೆ!"
ಈಗ: ಊರಿನಿಂದ ತಂದ ಅಂಗಿಯನ್ನು ಒಂದು ವಾರ ತೊಡದೆ, ಒಗೆಯದೆ ತಲೆದಿಂಬಿನ ಪಕ್ಕ ಮಡಚಿಟ್ಟಿದ್ದೇನೆ. ಆ ಹೊಗೆ ಅಷ್ಟು ಬೇಗ ಹೋಗಬಾರದು.

ಚಿತ್ರ: ಗ್ಯಾಸ್ ಒಲೆ, ಪಾತ್ರೆಯಲ್ಲಿ ಕುಚ್ಚಲಕ್ಕಿ
ನಾನು: "ಎಷ್ಟು ಸೀಟಿ ಹಾಕಿಸಬೇಕು ಅಮ್ಮ?"
ಅಮ್ಮ: "ಸೀಟಿ ಎಂಥದು? ಎರಡು ಕಾಳು ತೆಗೆದು ಹಿಸುಕಿ ನೋಡು."
ನಾನು: "ಗಟ್ಟಿ ಇದೆ. ಸಿಲಿಂಡರ್ ಮುಗಿಯುತ್ತಾ ಬಂತು."
ಅಮ್ಮ: "ಚೆನ್ನಾಗಿ ಕುದಿಸಿ ಉರಿ ಆರಿಸು. ಮುಚ್ಚಳ ಹಾಕಿ ದಪ್ಪ ಬೈರಾಸಿನಲ್ಲಿ ಸುತ್ತಿಡು. ಸ್ನಾನ ಮುಗಿಸಿ, ಬಟ್ಟೆ ಒಗೆದು ಬಾ. ಬೆಂದಿರುತ್ತದೆ."
ಬೆಂದಿತ್ತು. ಕೋಣೆಯಲ್ಲಿ ಒಣಗಿದ್ದ ಒಂದೇ ಬೈರಾಸು ಅದು. ಒದ್ದೆ ಮೈಯಲ್ಲಿಯೇ ಅಮ್ಮನಿಗೆ ಫೋನು ಮಾಡಿದೆ.

ಚಿತ್ರ: ನೆಲದ ಮೇಲೆ ಹಾಸಿದ ಹಳೆಯ ಪತ್ರಿಕೆ, ಮೂರು ಸ್ಟೀಲ್ ತಟ್ಟೆ
ತಾರೀಕು 29. ಮೂವರ ಖಾತೆ ಸೇರಿಸಿದರೆ 230 ರೂಪಾಯಿ.
ಅಕ್ಕಿ ಪೆರ್ಲದ್ದು. ಮಿಡಿ ಉಪ್ಪಿನಕಾಯಿ ಬದಿಯಡ್ಕದ್ದು. ಹಲಸಿನ ಹಪ್ಪಳ ಮುಳ್ಳೇರಿಯದ್ದು, ಎಣ್ಣೆ ಮುಗಿದಿದ್ದರಿಂದ ಉರಿಯಲ್ಲಿ ಸುಟ್ಟದ್ದು.
"ಇನ್ನೊಂದು ಸೌಟು ಗಂಜಿ ಹಾಕಲೇ?"
"ಹಾಕು."