ಶಾಲೆಯ ಹಳೆಯ ಫೋಟೋಗಳ ಸ್ಕ್ಯಾನಿಂಗ್: 3ನೇ ತಾರೀಖು ಕಳಿಸಿದ್ದ ಪ್ರಸ್ತಾವನೆ ಬಗ್ಗೆ

ನಮಸ್ಕಾರ ಮೇಡಂ,

ಶಾಲೆಯ ಹಳೆಯ ಫೋಟೋಗಳನ್ನು ಸ್ಕ್ಯಾನ್ ಮಾಡಿ, ಹೆಸರು ಮತ್ತು ವರ್ಷದ ಪಟ್ಟಿ ಸಮೇತ ಕೊಡುವ ಬಗ್ಗೆ ಈ ತಿಂಗಳ 3ನೇ ತಾರೀಖು ನಿಮಗೆ ಬರೆದಿದ್ದೆ. ಪರೀಕ್ಷೆಗಳ ಸಮಯ, ನಿಮಗೆ ಪುರುಸೊತ್ತು ಸಿಕ್ಕಿರಲಿಕ್ಕಿಲ್ಲ. ಹಳೆಯ ಮೇಲ್ ಹುಡುಕುವ ಕೆಲಸ ಬೇಡ ಅಂತ ಪ್ರಸ್ತಾವನೆಯನ್ನು ಇದರ ಜೊತೆಗೇ ಮತ್ತೆ ಇಟ್ಟಿದ್ದೇನೆ.

ಇನ್ನೊಂದು ಕಾರಣಕ್ಕೂ ಬರೆಯುತ್ತಿದ್ದೇನೆ. ಅವತ್ತು ನೀವು ತೋರಿಸಿದ ಒಂಬತ್ತು ಆಲ್ಬಂಗಳಲ್ಲಿ ಮೂರು ಅಂಟುಹಾಳೆಯವು, ಮೇಲೆ ಪ್ಲಾಸ್ಟಿಕ್ ಪರದೆ ಇರುವಂಥವು. ಆ ಅಂಟು ವರ್ಷ ಕಳೆದಂತೆ ಹಳದಿಯಾಗುತ್ತದೆ, ಫೋಟೋ ಕಾಗದವನ್ನು ಬಿಗಿಯಾಗಿ ಹಿಡಿದುಬಿಡುತ್ತದೆ. ಎಳೆದರೆ ಹಿಂಬದಿ ಹರಿಯುತ್ತದೆ, ಕೆಲವೊಮ್ಮೆ ಚಿತ್ರವೇ ಕಿತ್ತು ಬರುತ್ತದೆ. ಈ ಕೆಲಸ ನನಗೆ ಕೊಟ್ಟರೂ ಕೊಡದಿದ್ದರೂ ಒಂದು ಮಾತು ಕೇಳಿಕೊಳ್ಳುತ್ತೇನೆ: ಆ ಮೂರರಿಂದ ಯಾರೂ ಫೋಟೋ ಬಿಡಿಸದ ಹಾಗೆ ನೋಡಿಕೊಳ್ಳಿ. ಬೀರು ಗೋಡೆಗೆ ತಾಗಿಕೊಂಡೇ ಇದೆ ಅಲ್ವಾ, ಮಳೆಗಾಲಕ್ಕೆ ಮುಂಚೆ ಆಲ್ಬಂಗಳನ್ನು ತೇವ ಇಲ್ಲದ ಕಡೆ ಇಟ್ಟರೆ ಇನ್ನೂ ಒಳ್ಳೆಯದು.

ನನ್ನ ಮೊದಲ ಪ್ರಸ್ತಾವನೆಯಲ್ಲಿ 640 ಫೋಟೋಗಳಿಗೂ ಸೇರಿಸಿ ಆರು ವಾರ ಅಂತ ಹಾಕಿದ್ದೆ. ಒಂದೇ ಸಲಕ್ಕೆ ಅದು ಜಾಸ್ತಿ ಅನ್ನಿಸಿದ್ದರೆ ಸಹಜವೇ. ಹಾಗಿದ್ದರೆ ಈ ಮೂರು ಆಲ್ಬಂ ಮಾತ್ರ ಮೊದಲು ಮಾಡಬಹುದು. ಸುಮಾರು 180 ಫೋಟೋಗಳು, ಐದು ದಿನದ ಕೆಲಸ. ಫೋಟೋ ಬಿಡಿಸದೆ ಇಡೀ ಪುಟವನ್ನೇ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡುತ್ತೇನೆ. ಸ್ಕ್ಯಾನರ್ ನಾನೇ ತರುತ್ತೇನೆ, ಆಲ್ಬಂಗಳು ಶಾಲೆಯ ಬಾಗಿಲು ದಾಟುವುದಿಲ್ಲ. ಅಷ್ಟಕ್ಕೇ ನಿಲ್ಲಿಸಿದರೂ ಆ ಫೈಲುಗಳು ನಿಮ್ಮವೇ. ಇದರ ದರವನ್ನು ಪ್ರಸ್ತಾವನೆಯ ಕೊನೆಯ ಪುಟದಲ್ಲಿ ಬೇರೆಯಾಗಿ ಸೇರಿಸಿದ್ದೇನೆ.

ಅಂಟಿಕೊಂಡ ಫೋಟೋಗಳ ಹಿಂಬದಿಯಲ್ಲಿ ಏನು ಬರೆದಿದೆಯೋ ಓದಲು ಆಗುವುದಿಲ್ಲ. ಹಾಗಾಗಿ ಮುಖ ನೋಡಿ ಹೆಸರು ಹೇಳಬಲ್ಲ ನಿವೃತ್ತ ಟೀಚರ್ ಒಬ್ಬರು ಒಂದು ಮಧ್ಯಾಹ್ನ ಜೊತೆಗೆ ಕೂತರೆ ಪಟ್ಟಿ ತುಂಬಾ ಚೆನ್ನಾಗಿ ಬರುತ್ತದೆ. ಆ ಆಟೋಟದ ದಿನದ ಫೋಟೋ, ಶೀಲ್ಡ್ ಹಿಡಿದು ನಿಂತ ಐದು ಹುಡುಗಿಯರು, ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವರ ಹೆಸರುಗಳು ಸಿಗಬೇಕು ಅಂತ ನನಗೆ ನಿಜಕ್ಕೂ ಆಸೆ.

ಆಡಳಿತ ಮಂಡಳಿಯ ಮುಂದೆ ಇಡಬೇಕಿದ್ದರೆ ನಿಧಾನವಾಗಿಯೇ ಆಗಲಿ. ಅವರಿಗೆ ಏನಾದರೂ ವಿವರ ಬೇಕಿದ್ದರೆ ಒಂದು ಪುಟದಲ್ಲಿ ಬರೆದುಕೊಡುತ್ತೇನೆ. ಈ ವರ್ಷ ಬೇಡ ಅಂತಾದರೆ ಒಂದು ಸಾಲು ಬರೆದರೂ ಸಾಕು, ನನಗೆ ಖಂಡಿತ ಬೇಸರವಿಲ್ಲ. ಈ ವಿಷಯಕ್ಕೆ ನಾನಾಗಿ ಮತ್ತೆ ಬರೆದು ತೊಂದರೆ ಕೊಡುವುದಿಲ್ಲ. ನಿಮಗೆ ಅನುಕೂಲವಾದಾಗ ಇದೇ ಮೇಲ್‌ಗೆ ಉತ್ತರಿಸಿ.

ಅವತ್ತು ಅಷ್ಟು ಹೊತ್ತು ಕೂತು ಒಂದೊಂದೇ ಆಲ್ಬಂ ತೋರಿಸಿದ್ದಕ್ಕೆ ಧನ್ಯವಾದಗಳು.

ವಂದನೆಗಳೊಂದಿಗೆ,
ಸವಿತಾ